ತೆರೆದವರು 96, ಉತ್ತರಿಸಿದವರು 2: ಇಮೇಲ್ ಸರಣಿಯ ದೋಷ ಎಲ್ಲಿದೆ ಎಂದು ಪತ್ತೆ ಮಾಡುವುದು ಹೇಗೆ

ಜನವರಿ ಕೊನೆಯ ವಾರ, ಕೊಡಗಿನ ಸುಂಟಿಕೊಪ್ಪದ ಹತ್ತಿರ ನನ್ನ ಸೋದರಮಾವನ ತೋಟದಲ್ಲಿ ರೊಬಸ್ಟಾ ಕಾಫಿಯ ಕೊಯ್ಲು ನಡೆಯುತ್ತಿತ್ತು. ಕಣದ ತುಂಬ ತೊಳೆದ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ತಿರುಳು ತೆಗೆದ, ಒಳಸಿಪ್ಪೆ ಇನ್ನೂ ಬಿಡಿಸದ ಬೀಜ, ಹರಡಿತ್ತು. ಇಬ್ಬರು ಹೆಂಗಸರು ಉದ್ದ ಹಿಡಿಯ ಹಲಗೆಯಿಂದ ಅದನ್ನು ಎಳೆದೆಳೆದು ತಿರುವಿ ಹಾಕುತ್ತಿದ್ದರು. ಮಾವ ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಕೂತಿದ್ದರು.

“ನೋಡು ಮಗಳೇ, 140 ಜನಕ್ಕೆ ಕಳಿಸಿದೆ. 96 ಜನ ತೆರೆದು ಓದಿದ್ದಾರೆ ಅಂತ ಇದರಲ್ಲಿ ತೋರಿಸ್ತಾ ಇದೆ. ಉತ್ತರ ಕೊಟ್ಟವರು ಇಬ್ಬರೇ. ಓದಿದವರಿಗೆ ಒಂದು ಮಾತು ಬರೆಯೋಕೆ ಏನು ಕಷ್ಟ?”

ಕಾಫಿಯನ್ನು ಮಧ್ಯವರ್ತಿಗೆ ಕೊಡದೆ ಬೆಂಗಳೂರು, ಮೈಸೂರು, ಚೆನ್ನೈನ ರೋಸ್ಟರ್‌ಗಳಿಗೆ, ಅಂದರೆ ಬೀಜ ಕೊಂಡು ಹುರಿದು ಮಾರುವವರಿಗೆ, ನೇರವಾಗಿ ಮಾರಬೇಕೆಂದು ಅವರು ಅಕ್ಟೋಬರಿನಲ್ಲಿ ನಾಲ್ಕು ಮೇಲ್‌ಗಳ ಒಂದು ಸರಣಿ ಬಿಟ್ಟಿದ್ದರು. ಮೊದಲನೆಯದು ಹೋದ ನಾಲ್ಕನೇ ದಿನ, ಒಂಬತ್ತನೇ ದಿನ ಮತ್ತು ಹದಿನಾರನೇ ದಿನ ಉಳಿದವು. ಬಂದ ಎರಡು ಉತ್ತರಗಳಲ್ಲಿ ಒಂದು “ಪಟ್ಟಿಯಿಂದ ನಮ್ಮ ಹೆಸರು ತೆಗೆಯಿರಿ”, ಇನ್ನೊಂದು “ನಾವು ಹುರಿಯುವುದಿಲ್ಲ, ಹುರಿದದ್ದನ್ನೇ ಕೊಳ್ಳುತ್ತೇವೆ”. ಎರಡೂ ಕೆಫೆಗಳಿಂದ ಬಂದವು.

ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಮಾಡುವುದು ಮೇಲ್‌ನ ಮಾತು ತಿದ್ದುವ ಕೆಲಸ. ಮಾವನೂ ಅದನ್ನೇ ಎರಡು ಬಾರಿ ಮಾಡಿದ್ದರು. ನನ್ನ ಅನುಭವದಲ್ಲಿ ಮಾತು ತಿದ್ದುವುದು ಕೊನೆಯ ಕೆಲಸ. ಯಾರಿಗೆ ಬರೆದಿದ್ದೇವೆ, ಅವರಿಗೆ ಏನು ಕೊಡುತ್ತೇವೆ ಎನ್ನುತ್ತಿದ್ದೇವೆ, ಅವರಿಂದ ಏನು ಕೇಳುತ್ತಿದ್ದೇವೆ, ಈ ಮೂರನ್ನು ಇದೇ ಕ್ರಮದಲ್ಲಿ ನೋಡಬೇಕು. ಮೊದಲನೆಯದರಲ್ಲಿ ತಪ್ಪಿದ್ದರೆ ಮುಂದಿನ ಎರಡು ಸರಿಯಿವೆಯೋ ಇಲ್ಲವೋ ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಕೊಳ್ಳಲಾಗದವನ ಮುಂದೆ ಎಂಥ ಒಳ್ಳೆಯ ಮಾಲು ಇಟ್ಟರೂ ಅವನು ಸುಮ್ಮನೇ ಇರುತ್ತಾನೆ.

ಮೊದಲು: ಆ 96 ನಿಜವೇ?

ಮೇಲ್ ತೆರೆಯಲಾಯಿತು ಎಂದು ಲೆಕ್ಕ ಹಾಕುವುದು ಅದರೊಳಗೆ ಅಡಗಿಸಿಟ್ಟ ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರದಿಂದ. ಆ ಚಿತ್ರ ಇಳಿದರೆ ‘ತೆರೆದರು’ ಎಂದು ದಾಖಲಾಗುತ್ತದೆ. ಇಳಿಸಿಕೊಂಡದ್ದು ಮನುಷ್ಯನೇ ಆಗಿರಬೇಕೆಂದಿಲ್ಲ. 2021ರ ಸೆಪ್ಟೆಂಬರಿನಲ್ಲಿ ಐಒಎಸ್ 15 ಬಂದಾಗಿನಿಂದ, ಐಫೋನಿನ ಮೇಲ್ ಆ್ಯಪ್‌ನಲ್ಲಿ ಖಾಸಗಿತನದ ರಕ್ಷಣೆ ಆನ್ ಮಾಡಿಕೊಂಡವರ ಪಾಲಿಗೆ ಬಂದ ಮೇಲ್‌ನ ಚಿತ್ರಗಳನ್ನೆಲ್ಲ ಆ್ಯಪಲ್ ತಾನೇ ಮೊದಲು ಇಳಿಸಿಕೊಳ್ಳುತ್ತದೆ. ಆ ವ್ಯಕ್ತಿ ಮೇಲ್ ಮುಟ್ಟಿರದಿದ್ದರೂ ತೆರೆದ ಲೆಕ್ಕಕ್ಕೆ ಸೇರುತ್ತಾರೆ. ಹಲವು ಕಂಪನಿಗಳ ಮೇಲ್ ಭದ್ರತಾ ವ್ಯವಸ್ಥೆಗಳೂ ಮೇಲ್ ಬಂದ ಕೂಡಲೇ ಒಳಗಿರುವುದನ್ನೆಲ್ಲ ತೆರೆದು ಪರೀಕ್ಷಿಸುತ್ತವೆ.

ಇದನ್ನು ನೀವೇ ಪರೀಕ್ಷಿಸಬಹುದು. ಐಫೋನಿನ ಮೇಲ್ ಆ್ಯಪ್ ಬಳಸುವ ಪರಿಚಯದವರೊಬ್ಬರಿಗೆ ಸರಣಿಯ ಮೊದಲ ಮೇಲ್ ಕಳಿಸಿ, ಅದನ್ನು ತೆರೆಯಬೇಡಿ ಎಂದು ಹೇಳಿ. ಮಾರನೇ ದಿನ ನೀವು ಮೇಲ್ ಕಳಿಸುವ ಸಾಧನದಲ್ಲಿ ‘ತೆರೆದರು’ ಎಂದು ತೋರಿಸಿದರೆ, ಆ ಅಂಕಿಯನ್ನು ಎಷ್ಟು ನಂಬಬೇಕೆಂದು ಗೊತ್ತಾಯಿತು.

ಆಮೇಲೆ ತೆರೆದವರ ಪಟ್ಟಿಯನ್ನು ಒಬ್ಬೊಬ್ಬರಾಗಿ ನೋಡಿ. ನಾಲ್ಕೂ ಮೇಲ್‌ಗಳನ್ನು ಕಳಿಸಿದ ಕೆಲವೇ ಸೆಕೆಂಡುಗಳಲ್ಲಿ ಒಂದೊಂದು ಬಾರಿ ತೆರೆದು, ಮತ್ತೆಂದೂ ತೆರೆಯದವರನ್ನು ಯಂತ್ರದ ಲೆಕ್ಕಕ್ಕೆ ಹಾಕಿ. ಮಧ್ಯಾಹ್ನ ಒಮ್ಮೆ, ಮರುದಿನ ಬೆಳಿಗ್ಗೆ ಇನ್ನೊಮ್ಮೆ ತೆರೆದವರು ಬಹುಮಟ್ಟಿಗೆ ಮನುಷ್ಯರು. ನೂರಕ್ಕೆ ನೂರು ಹೀಗೆ ಬೇರ್ಪಡಿಸಲು ಆಗುವುದಿಲ್ಲ, ಏಕೆಂದರೆ ಆ್ಯಪಲ್ ಚಿತ್ರ ಇಳಿಸಿಕೊಳ್ಳುವ ಹೊತ್ತು ಒಂದೇ ರೀತಿ ಇರುವುದಿಲ್ಲ. ಆದರೂ ಮಾವನ 96ರಲ್ಲಿ 34 ಹೀಗೆ ಕಳಚಿದವು, ಉಳಿದದ್ದು 62. ಅದೂ ಸಣ್ಣದಲ್ಲ. ಓದಿದವರು ಇದ್ದಾರೆ, ಉತ್ತರ ಮಾತ್ರ ಇಲ್ಲ ಎಂಬುದು ಖಚಿತವಾಯಿತು.

ಇದರ ಜೊತೆಗೇ ಇನ್ನೊಂದು ಸಣ್ಣ ತಪಾಸಣೆ. ಬೇರೆ ವಿಳಾಸದಿಂದ ನಿಮ್ಮ ಮೇಲ್‌ಗೆ ನೀವೇ ಒಂದು ಉತ್ತರ ಬರೆದು, ಅದು ಎಲ್ಲಿಗೆ ಬಂತೆಂದು ನೋಡಿ. ಉತ್ತರ ಎಲ್ಲಿಗೆ ಹೋಗಬೇಕೆಂದು ಹೇಳುವ `Reply-To` ಜಾಗದಲ್ಲಿ ಯಾರೂ ನೋಡದ ಹಳೆಯ ವಿಳಾಸ ಕೂತಿದ್ದು, ತಿಂಗಳುಗಟ್ಟಲೆ ಉತ್ತರಗಳು ಅಲ್ಲಿ ಬಿದ್ದಿದ್ದ ಪ್ರಸಂಗವನ್ನು ನಾನು ಕಂಡಿದ್ದೇನೆ. ಮಾವನದು ಸರಿಯಿತ್ತು.

ಯಾರಿಗೆ ಬರೆದಿದ್ದೀರಿ

ಇದಕ್ಕೆ ಬುದ್ಧಿವಂತಿಕೆ ಬೇಡ, ಕೂತು ಎಣಿಸುವ ತಾಳ್ಮೆ ಸಾಕು. ಪಟ್ಟಿಯ ಪ್ರತಿ ಹೆಸರಿನ ಮುಂದೆ ಒಂದು ಪ್ರಶ್ನೆಗೆ ಉತ್ತರ ಬರೆಯಿರಿ: ನಾನು ಮಾರುವುದನ್ನು ಇವರು ಈಗ ಬೇರೆ ಯಾರಿಂದಲಾದರೂ ಕೊಳ್ಳುತ್ತಿದ್ದಾರೆಯೇ? ‘ಕೊಳ್ಳಬಹುದು’ ಎಂಬುದು ಉತ್ತರವಲ್ಲ.

ಮಾವ ಪಟ್ಟಿ ಮಾಡಿದ್ದು ಇಂಟರ್ನೆಟ್ಟಿನಲ್ಲಿ ಕಾಫಿ ಎಂದು ಹುಡುಕಿ. ಜಗಲಿಯ ಮೇಲೆ ಕೂತು ಇಬ್ಬರೂ ಒಂದೊಂದೇ ಹೆಸರು ನೋಡಿದೆವು, ಪೂರ್ತಿ ಒಂದು ಮಧ್ಯಾಹ್ನ ಹಿಡಿಯಿತು. 140ರಲ್ಲಿ 58 ಕೆಫೆಗಳು. ಅವರಿಗೆ ಬೇಕಾದದ್ದು ಹುರಿದ ಬೀಜ, ಇನ್ನೂ ಹುರಿಯದ ಹಸಿರು ಬೀಜ ತಂದು ಏನು ಮಾಡುತ್ತಾರೆ? 23 ದೊಡ್ಡ ಬ್ರ್ಯಾಂಡ್‌ಗಳು ಮತ್ತು ರಫ್ತುದಾರರು, ಅವರು ಲೋಡುಗಟ್ಟಲೆ ಕೊಳ್ಳುವವರು. 17 ಜನ ತಮ್ಮದೇ ತೋಟದ ಕಾಫಿಯನ್ನು ತಮ್ಮ ಹೆಸರಿನಲ್ಲಿ ಮಾರುವವರು, ಅವರಲ್ಲಿ ಮೂವರು ನಮ್ಮ ಸೋಮವಾರಪೇಟೆ ಕಡೆಯವರೇ. ಬೆಳೆಗಾರರಿಂದ ಹಸಿರು ಬೀಜ ಕೊಂಡು ಹುರಿಯುವ ಸಣ್ಣ ರೋಸ್ಟರ್‌ಗಳು ಉಳಿದ 42 ಮಾತ್ರ.

ಅಲ್ಲಿಗೂ ಮುಗಿಯಲಿಲ್ಲ. ಆ 42ರಲ್ಲಿ 25 ಮೇಲ್‌ಗಳು ಹೋಗಿದ್ದು `info@` ರೀತಿಯ ಸಾಮಾನ್ಯ ವಿಳಾಸಕ್ಕೆ. ಅದನ್ನು ತೆರೆಯುವುದು ಆನ್‌ಲೈನ್ ಆರ್ಡರ್ ನೋಡಿಕೊಳ್ಳುವ ಹುಡುಗನೋ ಹುಡುಗಿಯೋ. ಬೀಜ ಆರಿಸುವ ವ್ಯಕ್ತಿಗೆ ಸೀದಾ ತಲುಪಿದ್ದು 17.

ಇನ್ನು ತೆರೆದ ಆ 62 ಜನ ಯಾರೆಂದು ನೋಡಿದಾಗ ವಿಷಯ ಪೂರ್ತಿ ಬಯಲಾಯಿತು. 33 ಕೆಫೆಗಳು, 8 ದೊಡ್ಡ ಬ್ರ್ಯಾಂಡ್‌ಗಳು, 6 ತೋಟದವರು, 15 ರೋಸ್ಟರ್‌ಗಳು. ಅರ್ಧಕ್ಕಿಂತ ಹೆಚ್ಚು ಕೆಫೆಗಳೇ ಯಾಕೆ? ಮೇಲ್‌ನ ತಲೆಬರಹ ಹೀಗಿತ್ತು: “ನಿಮ್ಮ ಕಾಫಿಯ ಬಗ್ಗೆ ಒಂದು ಪ್ರಶ್ನೆ”. ಕೆಫೆಯವನು ಅದನ್ನು ಗಿರಾಕಿಯ ದೂರೆಂದೋ ವಿಚಾರಣೆಯೆಂದೋ ತಿಳಿದು ತೆರೆಯುತ್ತಾನೆ. ಒಳಗೆ ನೋಡಿದರೆ ಪ್ರಶ್ನೆಯೇ ಇಲ್ಲ, ಮಾರಾಟದ ಮಾತು. ಮುಚ್ಚಿ ಮುಂದೆ ಹೋಗುತ್ತಾನೆ. ಎಲ್ಲರೂ ತೆರೆಯುವಂಥ ತಲೆಬರಹ ಯಾರನ್ನೂ ಬೇರ್ಪಡಿಸುವುದಿಲ್ಲ. ಮೊದಲೇ ಮಾತುಕತೆ ನಡೆದಂತೆ ತೋರಿಸಲು ಹೊಸ ಮೇಲ್‌ಗೆ `Re:` ಅಂಟಿಸುವವರ ಕಥೆಯೂ ಇದೇ. ತೆರೆಯುವ ಪ್ರಮಾಣ ಏರುತ್ತದೆ, ತೆರೆದವರ ನಂಬಿಕೆ ಆ ಕ್ಷಣಕ್ಕೇ ಹೋಗುತ್ತದೆ.

ಇಲ್ಲಿ ಒಂದು ಒರಟು ಲೆಕ್ಕ ಕೈಯಲ್ಲಿರಲಿ. ಕೆಲವರಿಗೆ ಬರೆದು ಒಂದೂ ಉತ್ತರ ಬರದಿದ್ದರೆ, 3ನ್ನು ಆ ಜನರ ಸಂಖ್ಯೆಯಿಂದ ಭಾಗಿಸಿ; ನಿಜವಾದ ಉತ್ತರದ ಪ್ರಮಾಣ ಹೆಚ್ಚೆಂದರೆ ಎಷ್ಟಿರಬಹುದು ಎಂಬ ಅಂದಾಜು ಸಿಗುತ್ತದೆ. 60 ಜನರಿಗೆ ಬರೆದು ಸೊನ್ನೆ ಬಂದಿದ್ದರೆ, ಅದೇ ಮೇಲ್‌ಗೆ ನೂರಕ್ಕೆ 5 ಜನ ಉತ್ತರಿಸುವ ಸಾಧ್ಯತೆಯನ್ನೂ ಇನ್ನೂ ತಳ್ಳಿಹಾಕುವಂತಿಲ್ಲ. ಬರೆದದ್ದು 17 ಜನರಿಗಾದರೆ ಅದು ನೂರಕ್ಕೆ 17–18ರವರೆಗೂ ಹೋಗುತ್ತದೆ. ಅಂದರೆ ಮಾವನ ಮೇಲ್ ಕೆಟ್ಟದ್ದೋ ಒಳ್ಳೆಯದೋ ಎಂದು ಆ ಸರಣಿಯಿಂದ ಹೇಳಲು ಬರುವಂತೆಯೇ ಇರಲಿಲ್ಲ. 560 ಮೇಲ್‌ಗಳು ಹೋಗಿದ್ದವು, ಪರೀಕ್ಷೆ ಮಾತ್ರ ನಡೆದಿರಲಿಲ್ಲ.

ಏನು ಕೊಡುತ್ತೇವೆ ಎನ್ನುತ್ತಿದ್ದೀರಿ

ಮೊದಲ ಮೇಲ್ ಇಂಗ್ಲಿಷಿನಲ್ಲಿತ್ತು, ಸಾರ ಇಷ್ಟು: ನಾಲ್ಕು ತಲೆಮಾರಿನ ತೋಟ, ಮರಗಳ ನೆರಳಿನಲ್ಲಿ ಬೆಳೆದ ಉತ್ತಮ ದರ್ಜೆಯ ಕೊಡಗಿನ ಕಾಫಿ, ನಡುವೆ ಯಾರೂ ಇಲ್ಲ, ಒಳ್ಳೆಯ ಬೆಲೆ, ಒಟ್ಟು 15 ಚೀಲ ಸಿಗುತ್ತದೆ.

ಒಂದೂ ಸುಳ್ಳಲ್ಲ. ಮಾವ ಆ ತೋಟವನ್ನು ನೋಡಿಕೊಳ್ಳುವ ರೀತಿ ನನಗೆ ಗೊತ್ತು. ಆದರೆ ಇದನ್ನು ಓದಿದ ರೋಸ್ಟರ್ ಕೊಳ್ಳುವ ತೀರ್ಮಾನದ ಕಡೆಗೆ ಒಂದು ಹೆಜ್ಜೆಯನ್ನೂ ಇಡಲಾರ. ಆ ‘15 ಚೀಲ’ವನ್ನೇ ನೋಡಿ. ಪಾರ್ಚ್‌ಮೆಂಟೋ, ಹಣ್ಣನ್ನು ಇಡಿಯಾಗಿ ಒಣಗಿಸಿದ ಚೆರ್ರಿಯೋ, ಸಿಪ್ಪೆ ಬಿಡಿಸಿ ವಿಂಗಡಿಸುವ ಕ್ಯೂರಿಂಗ್ ಆದ ಹಸಿರು ಬೀಜವೋ? ನಮ್ಮಲ್ಲಿ ಚೀಲವೆಂದರೆ 50 ಕೆಜಿ ಎಂಬುದು ಮಾವನಿಗೆ ಹೇಳಬೇಕಾದ ಮಾತೇ ಅಲ್ಲ. 50 ಕೆಜಿ ಪಾರ್ಚ್‌ಮೆಂಟ್ ಸಿಪ್ಪೆ ಬಿಡಿಸಿದಾಗ ಸುಮಾರು 40 ಕೆಜಿ ಬೀಜ ಬರುತ್ತದೆ. ಒಣಗಿಸಿದ ರೊಬಸ್ಟಾ ಚೆರ್ರಿಯಾದರೆ ಅರ್ಧಕ್ಕಿಂತ ಸ್ವಲ್ಪ ಮೇಲೆ. ಆದ್ದರಿಂದ ಅದೇ 15 ಚೀಲ ಓದುವವನ ಮನಸ್ಸಿನಲ್ಲಿ 400 ಕೆಜಿಯೂ ಆಗಬಹುದು, 600 ಆಗಬಹುದು, 750 ಆಗಬಹುದು. ಅರೇಬಿಕಾವೋ ರೊಬಸ್ಟಾವೋ ಎಂಬುದನ್ನೂ ಬರೆದಿರಲಿಲ್ಲ.

ಕಾಲವೂ ತಪ್ಪಿತ್ತು. ಅಕ್ಟೋಬರಿನಲ್ಲಿ ರೊಬಸ್ಟಾ ಹಣ್ಣು ಗಿಡದ ಮೇಲೆ ಹಸಿರಾಗಿಯೇ ಇರುತ್ತದೆ. ಆಗ ಕಳಿಸಲು ಮಾದರಿಯೇ ಇರಲಿಲ್ಲ. ಕಾಫಿ ಕೊಳ್ಳುವವನು ಹುರಿದು ರುಚಿ ನೋಡದೆ ಅಪರಿಚಿತನಿಗೆ ಮಾತು ಕೊಡುವುದಿಲ್ಲ.

ಕೊಡುಗೆ ಬೇಕಾದದ್ದೋ ಅಲ್ಲವೋ ಎಂದು ತಿಳಿಯಲು ಇನ್ನೊಂದು ಸರಣಿ ಬಿಡಬೇಡಿ, ಫೋನ್ ಮಾಡಿ. ಸರಿಯಾದ ಪಟ್ಟಿಯಿಂದ ಎಂಟು ಹತ್ತು ಜನರನ್ನು ಆರಿಸಿ, ಮೇಲ್‌ನಲ್ಲಿರುವ ಕೊಡುಗೆಯನ್ನೇ ಎರಡು ವಾಕ್ಯದಲ್ಲಿ ಹೇಳಿ ಸುಮ್ಮನಾಗಿ. ಆ ಮೌನ ಮುಖ್ಯ. ಅವರ ಬಾಯಿಂದ ಬರುವ ಮೊದಲ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. “ನಾವು ಅದನ್ನು ಕೊಳ್ಳುವುದಿಲ್ಲ” ಎಂದರೆ ಪಟ್ಟಿ ಇನ್ನೂ ಸರಿಯಾಗಿಲ್ಲ. “ಹೌದಾ, ಡೀಟೇಲ್ಸ್ ಕಳಿಸಿ” ಎಂದು ಮಾತು ಮುಗಿಸಿದರೆ ಕೊಡುಗೆ ಅವರನ್ನು ಮುಟ್ಟಿಲ್ಲ. ಪ್ರಶ್ನೆ ಕೇಳಿದರೆ, ಆ ಪ್ರಶ್ನೆಯ ಉತ್ತರವೇ ನಿಮ್ಮ ಮೇಲ್‌ನಲ್ಲಿ ಕಾಣೆಯಾಗಿರುವ ಸಾಲು.

ಮಾವ ಎಂಟು ಜನಕ್ಕೆ ಮಾಡಿದರು, ಆರು ಜನ ಎತ್ತಿದರು. ನಾಲ್ವರು ಮೊದಲು ಕೇಳಿದ್ದು “ವಾಶ್ಡ್ ಆ, ಚೆರ್ರಿ ಆ?” ಎಂದು. ಇಬ್ಬರು ಕೇಳಿದ್ದು ಕನಿಷ್ಠ ಎಷ್ಟು ಕೆಜಿ ತೆಗೆದುಕೊಳ್ಳಬೇಕು ಎಂದು. ನಾಲ್ಕು ತಲೆಮಾರಿನ ಬಗ್ಗೆ ಯಾರೂ ಕೇಳಲಿಲ್ಲ. ಫೋನಿಟ್ಟ ಮೇಲೆ ಮಾವ ಸ್ವಲ್ಪ ಹೊತ್ತು ಕಣದ ಕಡೆ ನೋಡುತ್ತಾ ಕೂತರು. “ಅವರಿಗೆ ತೋಟ ಬೇಡ, ಬೀಜ ಬೇಕು” ಎಂದರು. ತೋಟದ ಕಥೆಯೂ ಅವರಿಗೆ ಬೇಕಾಗುತ್ತದೆ, ಬೀಜ ಕೊಂಡು ತಮ್ಮ ಪೊಟ್ಟಣದ ಮೇಲೆ ಬರೆಯುವಾಗ. ಮೊದಲ ಮೇಲ್‌ನಲ್ಲಿ ಅಲ್ಲ.

ಹೊಸ ಕೊಡುಗೆ ಅವರ ಪ್ರಶ್ನೆಗಳಿಂದಲೇ ಹುಟ್ಟಿತು: “ಸುಂಟಿಕೊಪ್ಪದ ತೊಳೆದ ರೊಬಸ್ಟಾ. ಕ್ಯೂರಿಂಗ್ ಆದ ಹಸಿರು ಬೀಜ ಸುಮಾರು 600 ಕೆಜಿ, ಏಪ್ರಿಲ್ ಮೊದಲ ವಾರದಿಂದ ಕುಶಾಲನಗರದಲ್ಲಿ ಸಿಗುತ್ತದೆ. ಕನಿಷ್ಠ 60 ಕೆಜಿ.” ಜೊತೆಗೆ ಕೆಜಿಗೆ ಬೆಲೆ, ಮೀಟರಿನಲ್ಲಿ ಅಳೆದ ತೇವಾಂಶ, ಕಣದ ಒಂದು ಚಿತ್ರ. ಬೆಲೆ ಬರೆಯಲು ಮಾವನಿಗೆ ಮನಸ್ಸಿರಲಿಲ್ಲ, ಮಾತಾಡಿದ ಮೇಲೆ ಹೇಳೋಣ ಎಂದರು. ನಾನು ಬಿಡಲಿಲ್ಲ. ಬೆಲೆ ಇಲ್ಲದ ಕಡೆ ಓದುವವನು ತಾನೇ ಒಂದು ಬೆಲೆ ಊಹಿಸಿಕೊಂಡು, ಆ ಊಹೆಯ ಮೇಲೇ ಬೇಡವೆಂದು ತೀರ್ಮಾನಿಸುತ್ತಾನೆ. ಆ ತೀರ್ಮಾನ ನಮಗೆ ತಿಳಿಯುವುದೂ ಇಲ್ಲ.

ಅವರಿಂದ ಏನು ಕೇಳುತ್ತಿದ್ದೀರಿ

ಹಳೆಯ ಮೇಲ್‌ನ ಕೊನೆಯಲ್ಲಿ ನಾಲ್ಕು ಕೋರಿಕೆಗಳಿದ್ದವು. ವೆಬ್‌ಸೈಟ್ ನೋಡಿ, ಜೊತೆಗಿಟ್ಟ ಕೈಪಿಡಿ ಓದಿ, ಅರ್ಧ ಗಂಟೆ ಫೋನಿನಲ್ಲಿ ಮಾತಾಡೋಣ, ಒಮ್ಮೆ ತೋಟಕ್ಕೆ ಬನ್ನಿ. ಮನೆಗೆ ಕರೆಯುವುದು ನಮ್ಮ ಕಡೆಯ ರೂಢಿ, ಮಾವ ಮನಸಾರೆ ಕರೆದಿದ್ದರು. ಆದರೆ ಬೆಂಗಳೂರಿನಿಂದ ಇಲ್ಲಿಗೆ ಐದಾರು ಗಂಟೆಯ ದಾರಿ. ಹೆಸರೇ ಕೇಳದವರೊಬ್ಬರಿಗಾಗಿ ಎರಡು ದಿನ ಕೊಡಿ ಎಂದು ಕೇಳಿದಂತಾಯಿತು. ಬರುವುದಿಲ್ಲ ಎಂದು ಬರೆಯಲು ಸಂಕೋಚ, ಬರುತ್ತೇನೆ ಎಂದು ಬರೆಯಲು ಸಾಧ್ಯವಿಲ್ಲ. ಹಾಗಾಗಿ ಆಮೇಲೆ ಬರೆದರಾಯಿತು ಎಂದು ಬದಿಗಿಡುತ್ತಾರೆ.

ಕೋರಿಕೆಯಲ್ಲಿ ತಪ್ಪಿದ್ದರೆ ಅದಕ್ಕೆ ತನ್ನದೇ ಗುರುತಿದೆ: ಸರಿಯಾದ ಓದುಗರು ಒಂದೇ ಮೇಲ್ ಅನ್ನು ಮತ್ತೆ ಮತ್ತೆ ತೆರೆಯುತ್ತಾರೆ, ಲಿಂಕ್ ಒತ್ತುತ್ತಾರೆ, ಆದರೂ ಬರೆಯುವುದಿಲ್ಲ. ಮಾವನ ಮೇಲ್ ತೆರೆದ 15 ರೋಸ್ಟರ್‌ಗಳಲ್ಲಿ ಐವರು ಬೇರೆ ಬೇರೆ ದಿನ ಮೂರಕ್ಕಿಂತ ಹೆಚ್ಚು ಬಾರಿ ತೆರೆದಿದ್ದರು. ಅವರಲ್ಲಿ ಒಬ್ಬರು ಫೋನಿನಲ್ಲಿ “ನೋಡಿದ್ದೆ ಸರ್, ರಿಪ್ಲೈ ಮಾಡಬೇಕು ಅಂದುಕೊಂಡೇ ಇದ್ದೆ” ಎಂದರು. ಆಸೆ ಇದೆ, ಇಡಬೇಕಾದ ಹೆಜ್ಜೆ ದೊಡ್ಡದಾಗಿದೆ.

ಕೋರಿಕೆಯನ್ನು ತೂಗಿ ನೋಡಲು ನಾನು ಮಾಡುವುದು ಇಷ್ಟೇ: ಉತ್ತರವನ್ನು ನಾನೇ ಬರೆದು ನೋಡುತ್ತೇನೆ. ಮೊಬೈಲಿನಲ್ಲಿ, ಹುರಿಯುವ ಯಂತ್ರದ ಪಕ್ಕ ನಿಂತವನು ಒಂದು ಸಾಲಿನಲ್ಲಿ ಬರೆದು ಮುಗಿಸಬಹುದೇ? ಯಾರನ್ನಾದರೂ ಕೇಳಬೇಕು, ಕ್ಯಾಲೆಂಡರ್ ತೆರೆಯಬೇಕು ಎಂದಾದರೆ ಕೋರಿಕೆ ಭಾರವಾಗಿದೆ. ಹೊಸದು ಹೀಗಾಯಿತು: “300 ಗ್ರಾಂ ಮಾದರಿ ಕಳಿಸಲೇ? ಹೌದಾದರೆ ವಿಳಾಸ ಬರೆಯಿರಿ, ಕೊರಿಯರ್ ಖರ್ಚು ನಮ್ಮದು.” ಉಳಿದ ಮೂರು ಕೋರಿಕೆಗಳನ್ನು ಅಳಿಸಿದೆವು.

ಹಾಗೆಂದು ತೀರಾ ಹಗುರವಾಗಿಸಬೇಡಿ. “ಆಸಕ್ತಿ ಇದೆಯೇ?” ಎಂದು ಕೇಳಿದರೆ ‘ಹೌದು’ಗಳು ಬರುತ್ತವೆ, ಅದರ ಮುಂದೆ ಏನೂ ನಡೆಯುವುದಿಲ್ಲ. ವಿಳಾಸ ಬರೆದುಕೊಡುವವನು ಹುರಿದು ನೋಡುವ ಕೆಲಸವನ್ನೂ ಒಪ್ಪಿಕೊಂಡಂತೆ.

ನಂತರದ ಮೇಲ್‌ಗಳ ಬಗ್ಗೆ ಒಂದು ಮಾತು. “ನನ್ನ ಹಿಂದಿನ ಮೇಲ್ ನೋಡಿದಿರಾ” ಎಂದಷ್ಟೇ ಕೇಳುವ ಮೇಲ್ ಬೇಡ. ಎರಡನೆಯದರಲ್ಲಿ ಕ್ಯೂರಿಂಗ್ ಆದ ಬೀಜದ ಚಿತ್ರ, ಮೂರನೆಯದರಲ್ಲಿ ಇನ್ನು ಎಷ್ಟು ಕೆಜಿ ಉಳಿದಿದೆ ಎಂಬ ನಿಜವಾದ ಲೆಕ್ಕ. ಪ್ರತಿ ಬಾರಿ ಒಂದು ಹೊಸ ಸಂಗತಿ ಇರಲಿ, ಮೂರಕ್ಕೆ ನಿಲ್ಲಿಸಿ.

ಮತ್ತೆ ಕಳಿಸುವಾಗ

ಒಂದು ಸಲಕ್ಕೆ ಒಂದನ್ನೇ ಬದಲಿಸಿ ಎಂಬುದು ಪುಸ್ತಕದ ಮಾತು. ಸಾವಿರಾರು ವಿಳಾಸ ಇರುವವರಿಗೆ ಅದು ಸರಿ. ಸಣ್ಣ ಪಟ್ಟಿಯಲ್ಲಿ ಒಂದೆರಡು ಉತ್ತರಗಳ ವ್ಯತ್ಯಾಸ ಬರೀ ಅದೃಷ್ಟವೂ ಆಗಿರಬಹುದು. ಅಲ್ಲಿ ಎಣಿಕೆಗಿಂತ ಉತ್ತರದಲ್ಲಿ ಏನು ಬರೆದಿದ್ದಾರೆ ಎಂಬುದನ್ನು ನೆಚ್ಚಬೇಕು. ಪಟ್ಟಿ ತಪ್ಪೆಂದು ಎಣಿಸಿಯೇ ತಿಳಿದಿದೆ, ಅದನ್ನು ಪರೀಕ್ಷಿಸುವ ಅಗತ್ಯವಿಲ್ಲ. ಸರಿಪಡಿಸಿ, ಸಣ್ಣ ಸಣ್ಣ ಗುಂಪುಗಳಾಗಿ ಕಳಿಸಿ, ಪ್ರತಿ ಗುಂಪಿನ ನಡುವೆ ಒಂದು ವಾರ ಬಿಡಿ.

ನಾವು ಇನ್ನಷ್ಟು ರೋಸ್ಟರ್‌ಗಳನ್ನು ಹುಡುಕಿ, ಬೀಜ ಕೊಳ್ಳುವವರ ಹೆಸರು ಸಿಕ್ಕ 51 ಜನರನ್ನು ಮಾತ್ರ ಇಟ್ಟುಕೊಂಡೆವು, 17ರಂತೆ ಮೂರು ಗುಂಪು. ತಲೆಬರಹ: “ಸುಂಟಿಕೊಪ್ಪ ತೊಳೆದ ರೊಬಸ್ಟಾ, 600 ಕೆಜಿ, ಏಪ್ರಿಲ್”. ಮಾರ್ಚಿಯಲ್ಲಿ ಹೋದ ಮೊದಲ ಗುಂಪಿಗೆ ಹೊಸ ಕೊಡುಗೆ ಇಟ್ಟು, ಮಾವನ ಒತ್ತಾಯಕ್ಕೆ ಫೋನಿನಲ್ಲಿ ಮಾತಾಡುವ ಹಳೆಯ ಕೋರಿಕೆಯೊಂದನ್ನು ಉಳಿಸಿದೆವು. ಎರಡು ಉತ್ತರ ಬಂದವು. ಎರಡರಲ್ಲೂ ಒಂದೇ ಮಾತು: ಫೋನ್ ಆಮೇಲೆ, ಮೊದಲು ಸ್ಯಾಂಪಲ್ ಸಿಗುತ್ತದೆಯೇ? ಕೋರಿಕೆ ಏನಿರಬೇಕೆಂದು ಕೊಳ್ಳುವವರೇ ಬರೆದು ಕಳಿಸಿದಂತಾಯಿತು. ಮಾದರಿಯ ಕೋರಿಕೆ ಇಟ್ಟ ಎರಡನೇ ಗುಂಪಿನಿಂದ ಐದು, ಮೂರನೆಯದರಿಂದ ನಾಲ್ಕು ಉತ್ತರ.

51ರಲ್ಲಿ ತೆರೆದವರು 27. ಹಿಂದಿನ ಸರಣಿಯಲ್ಲಿ ನೂರಕ್ಕೆ 69 ಇದ್ದದ್ದು 53ಕ್ಕೆ ಇಳಿಯಿತು. ಮಾವನಿಗೆ ಮೊದಲು ಗಾಬರಿಯಾದದ್ದು ಅದಕ್ಕೇ. ಆದರೆ ಉತ್ತರಗಳು 11. ರೊಬಸ್ಟಾ ಬೇಡದವರು ತಲೆಬರಹ ನೋಡಿಯೇ ಬಿಟ್ಟಿದ್ದರು, ಅದೇ ಆಗಬೇಕಾದದ್ದು. ಏಳು ಮಾದರಿಗಳು ಹೋದವು. ಒಬ್ಬರು 180 ಕೆಜಿ, ಇನ್ನೊಬ್ಬರು 120 ಕೆಜಿ ತೆಗೆದುಕೊಂಡರು.

ಮೂರೂ ಸರಿಯಿದ್ದೂ ಆಗದಿರುವುದುಂಟು. ಉತ್ತರ ಬರೆದೂ ಮಾದರಿ ಬೇಡವೆಂದ ನಾಲ್ವರಲ್ಲಿ ಮೂವರದು ಒಂದೇ ಕಾರಣ, ಈ ವರ್ಷದ ಬೀಜ ಆಗಲೇ ಕೊಂಡಾಗಿದೆ. ಅದಕ್ಕೆ ಮೇಲ್ ತಿದ್ದಿ ಪ್ರಯೋಜನವಿಲ್ಲ. ಅವರು ಯಾವ ತಿಂಗಳಲ್ಲಿ ಕೊಳ್ಳುತ್ತಾರೆ ಎಂದು ಮರಳಿ ಕೇಳಿದೆವು, ಇಬ್ಬರು ಫೆಬ್ರುವರಿ ಎಂದರು, ಒಬ್ಬರು ಮಾರ್ಚಿ. ಮಾವ ಕೊಯ್ಲಿನ ಕೂಲಿ ಬರೆಯುವ ಪುಸ್ತಕದ ಕೊನೆಯ ಪುಟದಲ್ಲಿ ಮೂರು ಹೆಸರು, ಮೂರು ತಿಂಗಳು ಬರೆದು, ಪಕ್ಕದಲ್ಲಿ ‘ಮಾದರಿ ಮೊದಲು’ ಎಂದು ಸೇರಿಸಿದ್ದಾರೆ.